ಎಂಸಿವಿ ನಾರ್ಮಲ್ ಇತ್ತು, ಹುಡುಗಗ ಮಾತ್ರ ಕಾಲಾಗ ನೆಲ ಗೊತ್ತಾಗವಲ್ದಾಗಿತ್ತು

ಧಾರವಾಡದಾಗ ಸಂಜಿ ಹೊತ್ತು ಒಂದು ಸಣ್ಣ ಜಿಮ್ಮಿನ್ಯಾಗ ಹುಡುಗರಿಗೆ ಲಿಫ್ಟಿಂಗ್ ಹೇಳಿಕೊಡ್ತೀನಿ. ಇದು ಅಲ್ಲಿಗೆ ಬರೋ ಒಬ್ಬ ಹುಡುಗನ ಕೇಸ್. ಅವನ್ನ ಕೇಳೇ ಬರ್ಯಾಕತ್ತೀನಿ, ಹೆಸರು ಮಾತ್ರ ಬ್ಯಾಡ ಅಂದಾನ. ವಯಸ್ಸು 27, ತೂಕ 74 ಕಿಲೊ, ಊರು ಶಿಗ್ಗಾವಿ ಕಡೆ, ಕೆಲಸ ಹುಬ್ಬಳ್ಳಿ ಗೋಕುಲ ರೋಡಿನ್ಯಾಗ. ಲಿಂಗಾಯತರ ಮನಿ, ತತ್ತಿ ಸುದ್ದಾ ಮುಟ್ಟಂಗಿಲ್ಲ. ಎರಡೂ ಹೊತ್ತು ಖಾನಾವಳಿ ಊಟ, ಅಂದ್ರ ರೊಟ್ಟಿ, ಮಡಿಕಿ ಕಾಳು ಪಲ್ಯಾ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರು, ಕಡೀಕ ಒಂದೀಟು ಅನ್ನ ಸಾರು. ಇಂಥಾ ಊಟ ಮಾಡೋ ಹುಡುಗಗ ಏನು ಕಡಿಮಿ ಆಗತೈತಿ ಅಂತ ನಾನೂ ಅಂದ್ಕೊಂಡಿದ್ದೆ.

ನೆಲದ ಮ್ಯಾಲಿನ ಬಾರ್ ಎತ್ತಿ ನಿಲ್ಲೋ ಡೆಡ್‌ಲಿಫ್ಟಿನ್ಯಾಗ 160 ಕಿಲೊ ಹೊಡೀತಿದ್ದ. ಜೂನ್ ಹೊತ್ತಿಗೆ 150 ಎತ್ತೋದೂ ತ್ರಾಸ ಆಗಾಕತ್ತಿತು, ಮೂರನೇ ಸೆಟ್ಟಿಗೇ ಏದುಸಿರು, ಮೆಟ್ಲಾ ಹತ್ತಿದ್ರ ಎದಿ ಡವಡವ. ನಿದ್ದಿ ಕಮ್ಮಿ, ಕೊಬ್ಬು ಇಳಿಸಾಕ ಊಟ ಕಡಿಮಿ ಮಾಡೋ ಕಟ್ಟಿಂಗ್ ಬ್ಯಾರೆ ನಡದೈತಿ, ಅದಕ್ಕ ಇರಬೇಕು ಅಂದೆ. ಅಂವ ಒಂದು ಹೆಲ್ತ್ ಪ್ಯಾಕೇಜ್ ಮಾಡಿಸಿ ರಿಪೋರ್ಟ್ ವಾಟ್ಸಾಪಿಗೆ ಕಳ್ಸಿದ. ಹಿಮೋಗ್ಲೋಬಿನ್ 13.1 (ಗಂಡಸರಿಗೆ 13 ಕಿಂತ ಕಡಿಮಿ ಆದ್ರ ಅನೀಮಿಯಾ ಅಂತಾರ, ಅಂದ್ರ ಗೆರಿ ಮ್ಯಾಲೆ ನಿಂತಿದ್ದ), ಎಂಸಿವಿ 87. ಎಂಸಿವಿ ಅಂದ್ರ ಕೆಂಪು ರಕ್ತಕಣದ ಸರಾಸರಿ ಸೈಜು, 80 ರಿಂದ 100 ನಾರ್ಮಲ್. ನಾನು ಎಲ್ಲೋ ಓದಿದ್ದ ಅರ್ಧಾ ಜ್ಞಾನ ಏನಂದ್ರ ಕಬ್ಬಿಣ ಕಡಿಮಿ ಆದ್ರ ಕಣ ಸಣ್ಣ ಆಗತಾವ, ಬಿ12 ಕಡಿಮಿ ಆದ್ರ ದೊಡ್ಡ ಆಗತಾವ. 87 ಐತಲ್ಲಾ, ಸಣ್ಣೂ ಇಲ್ಲ ದೊಡ್ಡೂ ಇಲ್ಲ, ಎಲ್ಲಾ ಚೊಲೊ ಐತಿ ತಮ್ಮಾ, ಊಟ ಜಾಸ್ತಿ ಮಾಡು ಅಂತ ಮೆಸೇಜ್ ಹಾಕಿದೆ. ಆ ಮೆಸೇಜ್ ಇನ್ನೂ ನನ್ನ ಫೋನಿನ್ಯಾಗ ಐತಿ.

ಅದರ ಕೆಳಗಿನ ಸಾಲಿನ್ಯಾಗ ಆರ್‌ಡಿಡಬ್ಲ್ಯೂ 17.8 ಅಂತ ದಪ್ಪ ಅಕ್ಷರದಾಗ ಇತ್ತು, ಲ್ಯಾಬಿನವರ ಮಿತಿ 14. ಅದನ್ನ ನಾನು ನೋಡೇ ಇಲ್ಲ.

ಅಕ್ಟೋಬರ್‌ದಾಗ ಒಂದು ದಿನ ಬಾರ್ ಮುಂದ ನಿಂತವನ ಬಗ್ಗಿ ತನ್ನ ಪಾದ ನೋಡ್ಕೋತ ನಿಂತ. ಯಾಕಲೇ ಅಂದ್ರ, "ಅಣ್ಣಾ, ಕಾಲಾಗ ನೆಲ ಗೊತ್ತಾಗವಲ್ದು, ಪಾದ ಸರಿ ಇಟ್ಟೀನೋ ಇಲ್ಲೋ ಅಂತ ನೋಡೇ ಇಡಬೇಕಾಗೇತಿ" ಅಂದ. ಎರಡು ತಿಂಗಳಿಂದ ಬೆರಳು ಜುಮು ಜುಮು ಅಂತಿದ್ವಂತ, ಶೂ ಬಿಗಿ ಆಗಿರಬೇಕಂತ ಶೂನೇ ಬದಲಿ ಮಾಡಿದ್ನಂತ. ಆಮ್ಯಾಲೆ ಇನ್ನೊಂದು ಮಾತು ಹೇಳಿದ, ಅದನ್ನ ಕೇಳಿ ನಂಗ ಹೊಟ್ಯಾಗ ಧಸಕ್ ಅಂತು. ಮಾರಿ ತೊಳ್ಕೊಳ್ಳೋವಾಗ ಸೋಪು ಹಚ್ಚಿ ಕಣ್ಣು ಮುಚ್ಚಿದ್ರ ವಾಲಿ ಹೋಗಿ ಗ್ವಾಡಿ ಹಿಡೀತಾನಂತ. ಡೆಡ್‌ಲಿಫ್ಟ್ ಮಾಡವ್ರಿಗೆ ಕಾಲು ಜೋಮು ಹಿಡದ್ರ ಎಲ್ಲಾರೂ ಮೊದ್ಲು ಬೆನ್ನಿನ ಡಿಸ್ಕ್ ಅಂತಾರ. ಆದ್ರ ಡಿಸ್ಕಿನ ನೋವು ಸಾಮಾನ್ಯವಾಗಿ ಒಂದ ಕಾಲಾಗ ಗೆರಿ ಎಳದಂಗ ಸೊಂಟದಿಂದ ಇಳೀತೈತಿ. ಇವಂಗ ಎರಡೂ ಕಾಲಾಗ, ಬೆರಳಿನಿಂದ ಶುರುವಾಗಿ ಸಾಕ್ಸ್ ಏರಿಸಿದಂಗ ಮ್ಯಾಲೆ ಬರಾಕತ್ತಿತ್ತು, ಸೊಂಟ ನೋವು ಒಂಚೂರೂ ಇಲ್ಲ.

ಅವತ್ತೇ ಎಲ್ಲಾ ಬಂದ್ ಮಾಡ್ಸಿ ಮರುದಿನ ಫಿಜಿಶಿಯನ್ ಕಡೆ ಕರಕೊಂಡು ಹೋದೆ. ಡಾಕ್ಟರ್ರು ಒಂದು ಟ್ಯೂನಿಂಗ್ ಫೋರ್ಕ್ ತಗದು ಟಣ್ ಅಂತ ಬಡದು ಮೊದ್ಲು ಎದಿ ಎಲುಬಿನ ಮ್ಯಾಲೆ ಇಟ್ರು, ನಡುಗತೈತೇನು ಅಂದ್ರು, ಹೂಂನ್ರಿ ಅಂದ. ಆಮ್ಯಾಲೆ ಕಾಲಿನ ಹೆಬ್ಬೆರಳಿನ ಗಿಣ್ಣಿನ ಮ್ಯಾಲೆ ಇಟ್ರು. ಅಂವ ಸುಮ್ನ ಕೂತ. ನಡುಗಾಕತ್ತಿಲ್ಲೇನು ಅಂದ್ರ, ಇಟ್ಟೀರೇನ್ರಿ ಅಂತ ಕೇಳಿದ. ನಾನು ಬಾಜೂಕ ನಿಂತು ನೋಡಾಕತ್ತೀನಿ, ಫೋರ್ಕ್ ಇನ್ನೂ ಝುಂ ಅಂತೈತಿ.

ಡಾಕ್ಟರ್ರು ಜೂನಿನ ರಿಪೋರ್ಟ್ ನೋಡಿದವ್ರು ಎಂಸಿವಿ ಬಿಟ್ಟು ಸೀದಾ ಆರ್‌ಡಿಡಬ್ಲ್ಯೂಗೆ ಬೆರಳು ಹಚ್ಚಿದ್ರು. ಅದು ಕಣಗಳ ಸೈಜಿನ್ಯಾಗ ಎಷ್ಟು ಏರುಪೇರು ಐತಿ ಅಂತ ಹೇಳೋ ಅಂಕಿ. ಒಂದು ಚೀಲದಾಗ ಅರ್ಧ ಜೋಳ ಅರ್ಧ ಕಡ್ಲಿ ಕೂಡಿಸಿ ಸರಾಸರಿ ಸೈಜು ತಗದ್ರ ತೊಗರಿ ಕಾಳಿನಷ್ಟು ಬರತೈತಿ, ಆದ್ರ ಆ ಚೀಲದಾಗ ಒಂದೂ ತೊಗರಿ ಕಾಳು ಇರಂಗಿಲ್ಲ. ಇವನ ರಕ್ತದಾಗ ಹಂಗ ಆಗಿತ್ತು. ಕಬ್ಬಿಣ ಕಡಿಮಿ ಆಗಿ ಒಂದಿಷ್ಟು ಕಣ ಸಣ್ಣ ಹುಟ್ಟಾಕತ್ತಿದ್ವು, ಬಿ12 ಕಡಿಮಿ ಆಗಿ ಒಂದಿಷ್ಟು ದೊಡ್ಡ. ಎರಡೂ ಕೂಡಿ 87, ನಾರ್ಮಲ್. ಎರಡು ಕೊರತಿ ಒಂದನ್ನೊಂದು ಮುಚ್ಚಿ ಹಾಕಿದ್ವು. ನಮ್ಮ ಕಡೆ ಸಸ್ಯಾಹಾರಿಗಳಿಗೆ ಎರಡೂ ಕೂಡೇ ಬರೋದು ಅಪರೂಪ ಅಲ್ಲ, ಅದಕ್ಕ ಎಂಸಿವಿ ಒಂದ ನೋಡಿ ಎದ್ದು ಹೋಗಬಾರದು ಅಂದ್ರು. ನಾನು ನೆಲ ನೋಡ್ಕೋತ ಕೂತೆ.

ಹುಡುಗ ಅಷ್ಟರಾಗ ಮೆಡಿಕಲ್ ಶಾಪಿನಿಂದ ಐರನ್ ಗುಳಗಿ ತಂದು ಕಿಸೆದಾಗ ಇಟ್ಕೊಂಡಿದ್ದ, ಇದನ್ನ ಶುರು ಮಾಡ್ಲೇನ್ರಿ ಅಂದ. ಡಾಕ್ಟರ್ರು ಹಾಳಿ ತಿರುವಿ ತೋರಿಸಿದ್ರು, ಐರನ್ 100 ಮಿಲಿಗ್ರಾಂ ಜೊತಿ ಫೋಲಿಕ್ ಆ್ಯಸಿಡ್ 1.5 ಮಿಲಿಗ್ರಾಂ. ನಮ್ಮಲ್ಲಿ ಸಿಗೋ ಐರನ್ ಗುಳಗಿ ಭಾಳಷ್ಟು ಹಿಂಗ ಜೋಡಿ ಇರತಾವ. ಬಿ12 ಕಡಿಮಿ ಇದ್ದವಂಗ ಬರೇ ಇದನ್ನ ಕೊಟ್ರ ಫೋಲಿಕ್ ಆ್ಯಸಿಡ್ ಜೋರಿನ ಮ್ಯಾಲೆ ರಕ್ತ ಸುಧಾರಿಸತೈತಿ, ಹಿಮೋಗ್ಲೋಬಿನ್ ಏರತೈತಿ, ಉಸಿರು ಸರಿ ಆಗತೈತಿ, ಹುಡುಗ ಆರಾಮ ಆದೆ ಅಂತಾನ, ಒಳಗ ನರದ ಕೆಲಸ ಮಾತ್ರ ಕೆಡ್ಕೋತ ಹೊಕ್ಕೈತಿ. ಅದಕ್ಕ ಮೊದ್ಲು ರಕ್ತ ತಗೋಬೇಕು, ಬಿ12 ಇಂಜೆಕ್ಷನ್ ಶುರು ಆಗಬೇಕು, ಆಮ್ಯಾಲೆ ಈ ಗುಳಗಿ. ಇನ್ನೊಂದು, ರಕ್ತ ತಗೊಳ್ಳೋಕಿಂತ ಮೊದ್ಲು ಬಿ-ಕಾಂಪ್ಲೆಕ್ಸ್ ಏನಾರ ತಗೊಂಡೀಯೇನು ಅಂತ ಎರಡು ಸಲ ಕೇಳಿದ್ರು, ಯಾಕಂದ್ರ ನಾಕು ದಿನ ಗುಳಗಿ ನುಂಗಿ ಹೋದ್ರ ರಕ್ತದಾಗಿನ ಬಿ12 ಅಂಕಿ ಏರಿ ಚಂದ ಕಾಣತೈತಿ, ಒಳಗಿನ ಕಥಿ ಬ್ಯಾರೆ ಇರತೈತಿ. ಪುಣ್ಯಕ್ಕ ತಗೊಂಡಿರಲಿಲ್ಲ.

ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 12.4, ಎಂಸಿವಿ 88 (ನೋಡ್ರಿ, ಇನ್ನೂ ನಾರ್ಮಲ್ಲೇ), ಆರ್‌ಡಿಡಬ್ಲ್ಯೂ 18.6, ಬಿ12 128, ಫೆರಿಟಿನ್ 9, ಹೋಮೋಸಿಸ್ಟೀನ್ 41. ಸ್ಲೈಡ್ ಮ್ಯಾಲೆ ನೋಡಿದವ್ರು ಸಣ್ಣ ಪೇಲವ ಕಣ ಮತ್ತ ದೊಡ್ಡ ಅಂಡಾಕಾರದ ಕಣ ಎರಡೂ ಅದಾವ ಅಂತ ಬರದಿದ್ರು. ಬಿ12 200 ಕೆಳಗ ಇದ್ರ ಕೊರತಿ, 200 ರಿಂದ 300 ಅನುಮಾನದ ಜಾಗ. ಆ ಅನುಮಾನದ ಜಾಗದಾಗ ಇದ್ದವ್ರಿಗೆ ಹೋಮೋಸಿಸ್ಟೀನ್ ಉಪಯೋಗಕ್ಕ ಬರತೈತಿ, 15 ಒಳಗ ಇರಬೇಕಾದದ್ದು ಬಿ12 ಇಲ್ದ ಏರತೈತಿ (ಫೋಲೇಟ್ ಕಡಿಮಿ ಆದ್ರೂ, ಕಿಡ್ನಿ ಕೆಟ್ರೂ ಏರತೈತಿ, ಅದನ್ನೂ ನೋಡ್ಕೋಬೇಕು). ಇವಂದು ಅನುಮಾನಕ್ಕ ಜಾಗಾನೇ ಇರಲಿಲ್ಲ ಬಿಡ್ರಿ.

ಫೆರಿಟಿನ್ ಅಂದ್ರ ಮೈಯಾಗಿನ ಕಬ್ಬಿಣದ ಗೋದಾಮಿನ ಲೆಕ್ಕ. 15 ಕೆಳಗ ಅಂದ್ರ ಗೋದಾಮು ಖಾಲಿ, 30 ಕೆಳಗಂದ್ರೂ ಭಾಳ ಡಾಕ್ಟರ್ರು ಕೊರತಿ ಅಂತಾನೇ ಹಿಡೀತಾರ. ಜ್ವರ, ಸೋಂಕು ಇದ್ರ, ಇಲ್ಲಾ ಮೈ ಮುರಿಯೋವಷ್ಟು ಲೆಗ್ ಡೇ ಮಾಡಿ ಮರುದಿನಾನೇ ಹೋದ್ರ ಇದು ಸುಳ್ಳು ಏರತೈತಿ, ಅದಕ್ಕ ಜಿಮ್ ಹುಡುಗರು ಎರಡು ಮೂರು ದಿನ ಹಗೂರ ಇದ್ದು ಹೋಗೋದು ಚೊಲೊ.

ಈಗ ಯಾಕ ಹಿಂಗಾತು ಅನ್ನೋದು. ಇಲ್ಲಿ ಡಾಕ್ಟರ್ರು ಅರ್ಧಾ ತಾಸು ಕೂತು ಕೇಳಿದ್ರು, ನಂಗ ಈ ಕೇಸಿನ್ಯಾಗ ಭಾಳ ಕಲಿಯಾಕ ಸಿಕ್ಕದ್ದು ಅದ.

ಬಿ12 ಗಿಡದಾಗ ಇರಂಗಿಲ್ಲ. ಕಾಳು ಎಷ್ಟ ತಿನ್ರಿ, ರೊಟ್ಟಿ ಎಷ್ಟ ಬಡೀರಿ, ಸೊನ್ನಿ. ಸ್ಪಿರುಲಿನಾ ಅಂತ ಹಸಿರು ಪುಡಿ ಮಾರ್ತಾರಲ್ಲ, ಅದರಾಗಿನದ್ದು ಬಹುತೇಕ ನಮ್ಮ ಮೈಗೆ ಕೆಲಸಕ್ಕ ಬಾರದ ನಮೂನಿ. ತತ್ತಿ ತಿನ್ನದವ್ರಿಗೆ ದಾರಿ ಹಾಲು ಮೊಸರು ಒಂದ. 100 ಮಿಲಿ ಹಾಲಿನ್ಯಾಗ ಸುಮಾರು 0.4 ಮೈಕ್ರೋಗ್ರಾಂ, ದಿನಕ್ಕ ಬೇಕಾದದ್ದು 2 ಕಿಂತ ಸ್ವಲ್ಪ ಮ್ಯಾಲೆ. ಅಂದ್ರ ಅರ್ಧ ಲೀಟರ್ ದಾಟಬೇಕು, ಕುದಿಸಿದ್ರ ಅದರಾಗೂ ಒಂದಿಷ್ಟು ಹೊಕ್ಕೈತಿ. ಇಂವ ಕಟ್ಟಿಂಗ್ ಅಂತ ಎರಡು ವರ್ಷದಿಂದ ಹಾಲು ಬಿಟ್ಟಿದ್ದ, ಮಾರಿ ಮ್ಯಾಲೆ ಗುಳ್ಳಿ ಏಳತಾವ ಅಂತ ವೇ ಪ್ರೋಟೀನ್ ಬಿಟ್ಟು ಸೋಯಾ ಪುಡಿ ಹಿಡದಿದ್ದ. ಉಳದದ್ದು ಎರಡು ಕಪ್ ಚಾದಾಗಿನ ಹಾಲು, ಖಾನಾವಳಿ ವಾಟಿ ಮೊಸರು. ಎಲ್ಲಾ ಕೂಡಿಸಿದ್ರ ಒಂದು ಮೈಕ್ರೋಗ್ರಾಂ ಆಗೋದೂ ಕಷ್ಟ. ಅದರ ಮ್ಯಾಲೆ ಎದಿ ಉರಿ ಅಂತ ಒಂದೂವರೆ ವರ್ಷದಿಂದ ದಿನಾ ಮುಂಜಾನೆ ಹೊಟ್ಟಿ ಆ್ಯಸಿಡ್ ಕಡಿಮಿ ಮಾಡೋ ಪ್ಯಾಂಟೊಪ್ರಜೋಲ್ ನುಂಗತಿದ್ದ, ಯಾರೂ ಬರಕೊಟ್ಟಿಲ್ಲ, ಮೆಡಿಕಲ್ ಶಾಪಿನ್ಯಾಗ ಕೇಳಿದ್ರ ಕೊಡ್ತಾರ. ಊಟದಾಗಿನ ಬಿ12 ಬಿಡಿಸ್ಕೊಳ್ಳಾಕ ಹೊಟ್ಯಾಗ ಆ್ಯಸಿಡ್ ಬೇಕು, ಕಾಳು ಸೊಪ್ಪಿನ ಕಬ್ಬಿಣ ಕರಗಾಕೂ ಆ್ಯಸಿಡ್ ಬೇಕು. ಒಂದು ಗುಳಗಿ ಎರಡೂ ಬಾಗಿಲಾ ಅರ್ಧಾ ಮುಚ್ಚಿತ್ತು.

ಕಬ್ಬಿಣದ ಕಥಿ ಬ್ಯಾರೆ. ಗಂಡಸರಿಗೆ ಫೆರಿಟಿನ್ 9 ಬಂತಂದ್ರ ಸಸ್ಯಾಹಾರ ಅಂತ ಬರದು ಕೈ ತೊಳ್ಕೊಳ್ಳೋದು ತಪ್ಪು, ರಕ್ತ ಎಲ್ಲಿ ಹೋತು ಅಂತ ಹುಡುಕಬೇಕು ಅಂದ್ರು. ಮೂಲವ್ಯಾಧಿ ಐತೇನು, ಸಂಡಾಸ ಕಪ್ಪಗ ಹೊಕ್ಕೈತೇನು ಅಂತ ಕೇಳಿದ್ರು, ಇಲ್ಲಂದ. ಸಂಡಾಸ ಟೆಸ್ಟ್ ಮಾಡಿಸಿದ್ರು, ಹುಳಾ ಇಲ್ಲ, ರಕ್ತ ಇಲ್ಲ. ಬಿ12 ಕಬ್ಬಿಣ ಎರಡೂ ಬಿದ್ದಾವಂತ, ಗೋಧಿ ತಿಂದ್ರ ಕರಳು ಕೆಡೋ ಸೀಲಿಯಾಕ್ ರೋಗದ ರಕ್ತ ಪರೀಕ್ಷೆ ಮಾಡಿಸಿದ್ರು, ಅದೂ ಇಲ್ಲ. ಕಡೀಕ, ರಕ್ತದಾನ ಮಾಡ್ತೀಯೇನು ಅಂದ್ರು. ಇಂವ ಎದಿ ಉಬ್ಬಿಸಿ, ಹೋದ ವರ್ಷ ಮೂರು ಸಲ ಕೊಟ್ಟೀನ್ರಿ ಅಂದ. ಅದರಾಗ ಒಂದು ಕ್ಯಾಂಪ್ ನಮ್ಮ ಜಿಮ್ಮಿನ್ಯಾಗ ನಾನೇ ಮಾಡ್ಸಿದ್ದು.

ಲೆಕ್ಕ ಹಾಕಿದ್ರ ಹಿಂಗ ಬರತೈತಿ. 350 ಮಿಲಿ ರಕ್ತದ ಜೊತಿ ಸುಮಾರು 160 ಮಿಲಿಗ್ರಾಂ ಕಬ್ಬಿಣ ಹೊಕ್ಕೈತಿ, ಮೂರು ಸಲಕ್ಕ 480. ಫೆರಿಟಿನ್ ಒಂದು ಅಂಕಿ ಅಂದ್ರ ಗೋದಾಮಿನ್ಯಾಗ ಅಂದಾಜು 8 ಮಿಲಿಗ್ರಾಂ, ಅಂದ್ರ 480 ಅಂದ್ರ ಫೆರಿಟಿನ್ ಲೆಕ್ಕದಾಗ 60. ಇವಂದು ಮೊದ್ಲು ಅಷ್ಟ ಇತ್ತಂತ ಹಿಡಕೊಂಡ್ರ ಪೂರಾ ಖಾಲಿ. ತುಂಬೋದು ಹೆಂಗ? ನಮ್ಮ ರೊಟ್ಟಿ ಕಾಳಿನ ಊಟದಾಗ ಕಬ್ಬಿಣ 15-20 ಮಿಲಿಗ್ರಾಂ ಇದ್ರೂ ಮೈಗೆ ಹತ್ತೋದು ಒಂದೂವರೆ, ದಿನಾ ಮೈಯಿಂದ ಹೋಗೋದ ಒಂದು. ಉಳಿಯೋದು ಅರ್ಧ ಮಿಲಿಗ್ರಾಂ. ಒಂದು ಸಲದ ರಕ್ತದಾನದ್ದು ತುಂಬಾಕ ಹತ್ತು ತಿಂಗಳು ಬೇಕು, ಇಂವ ನಾಕು ತಿಂಗಳಿಗೊಮ್ಮಿ ಕೊಡಾಕತ್ತಿದ್ದ. ಕ್ಯಾಂಪಿನ್ಯಾಗ ಹಿಮೋಗ್ಲೋಬಿನ್ 12.5 ಇದ್ರ ತಗೋತಾರ, ಫೆರಿಟಿನ್ ಯಾರೂ ನೋಡಂಗಿಲ್ಲ.

ಮತ್ತ ಊಟ ಮುಗದ ಕೂಡ್ಲೆ ಚಾ. ನಮ್ಮ ಕಡೆ ಖಾನಾವಳಿಯಿಂದ ಎದ್ದು ನಾಕು ಹೆಜ್ಜಿ ಹೋದ್ರ ಚಾದಂಗಡಿ, ಕುಡೀದಿದ್ರ ಊಟಾನೇ ಆಗಿಲ್ಲ ಅನಸತೈತಿ. ಆ ಚಾದಾಗಿನ ಟ್ಯಾನಿನ್ ಕಾಳಿನ ಕಬ್ಬಿಣ ಹಿಡಕೊಂಡು ಕೂತ್ಬಿಡತೈತಿ, ಅರ್ಧಕ್ಕರ್ಧ ಹೀರಿಕೆ ಇಳೀತೈತಿ. ಒಂದು ತಾಸು ಬಿಟ್ಟು ಕುಡದ್ರ ಆ ತ್ರಾಸ ಬಹುತೇಕ ಇಲ್ಲ.

ಜಿಂಕ್ ವಿಷಯ. ಇಂವ ತಾಕತ್ತಿಲ್ಲ ಅಂತ ಆನ್‌ಲೈನಿನ್ಯಾಗ ಜಿಂಕ್-ಮ್ಯಾಗ್ನೀಸಿಯಂ ಡಬ್ಬಿ ತರಿಸಿದ್ದ, ಅದರಾಗ 30 ಮಿಲಿಗ್ರಾಂ ಜಿಂಕ್, ಜೊತಿಗೆ ಇನ್ನೊಂದು 50ರ ಗುಳಗಿ. ಟೆಸ್ಟೊಸ್ಟೆರಾನ್ ಏರತೈತಿ ಅಂತ ಯಾರೋ ಹೇಳಿದ್ರಂತ, ಕೊರತಿ ಇಲ್ದವಂಗ ಏರಂಗಿಲ್ಲ ಅದು. ಡಾಕ್ಟರ್ರು ಮೊದ್ಲು ಕೇಳಿದ್ದು ಎಷ್ಟು ದಿನ ಆತು ಅಂತ. ಐದು ವಾರ ಅಂದ ಮ್ಯಾಲೆ ಸಮಾಧಾನ ಆದ್ರು. ದಿನಕ್ಕ 40 ದಾಟಿ ಜಿಂಕ್ ತಿಂಗಳಗಟ್ಲೆ ತಗೊಂಡ್ರ ತಾಮ್ರದ ಹೀರಿಕೆ ನಿಲ್ಲತೈತಿ, ತಾಮ್ರ ಕಡಿಮಿ ಆದ್ರ ರಕ್ತ ಕಡಿಮಿ, ಕಾಲು ಜುಮು ಜುಮು, ನಡಿಗಿ ವಾಲಾಟ, ಎಲ್ಲಾ ಥೇಟ್ ಬಿ12 ಕೊರತಿ ಹಂಗ ಕಾಣತೈತಿ. ಆದ್ರ ಇವಂಗ ಜುಮು ಜುಮು ಶುರು ಆಗಿದ್ದು ಜಿಂಕ್ ತಗೊಳ್ಳೋಕಿಂತ ಮೊದ್ಲೇ. ಆದ್ರೂ ಎರಡೂ ಬಂದ್ ಮಾಡ್ಸಿದ್ರು.

ಜಿಂಕ್ ಟೆಸ್ಟ್ ಮಾಡಸ್ಲೇನ್ರಿ ಅಂತ ನಾನ ಕೇಳಿದೆ. ಮಾಡಿಸಿ ಏನು ಮಾಡ್ತೀರಿ ಅಂದ್ರು. ರಕ್ತದಾಗಿನ ಜಿಂಕ್ ಊಟ ಆದ್ಮ್ಯಾಲೆ ಇಳೀತೈತಿ, ಜ್ವರ ಬಂದ್ರ ಇಳೀತೈತಿ, ಮುಂಜಾನೆಗಿಂತ ಸಂಜಿಗೆ ಕಡಿಮಿ, ಟ್ಯೂಬಿನ ರಬ್ಬರ್ ಬೂಚಿನಿಂದ ಸುಳ್ಳು ಏರತೈತಿ. ಮುಂಜಾನೆ ಖಾಲಿ ಹೊಟ್ಟಿಲೆ, ಅದಕ್ಕಂತಾನೇ ಇರೋ ಟ್ಯೂಬಿನ್ಯಾಗ ತಗೊಂಡು 70 ಕೆಳಗ ಬಂದ್ರ ಒಂದಿಷ್ಟು ಅರ್ಥ ಐತಿ, ನಾರ್ಮಲ್ ಬಂದ್ರೂ ಕೊರತಿ ಇಲ್ಲಂತ ಖಾತ್ರಿ ಹೇಳಾಕ ಬರಂಗಿಲ್ಲ. ಅದಕ್ಕ ಜಿಂಕಿಗೆ ಟೆಸ್ಟ್ ಬಿಟ್ಟು ತಾಟು ನೋಡೋಣ ಅಂದ್ರು. ನಂಗೂ ಅದ ಖರೇ ಅನಿಸ್ತು.

ತಾಟಿನ್ಯಾಗ ಜಿಂಕ್ ಇರಲಿಲ್ಲಂತಲ್ಲ. ಜೋಳ, ಮಡಿಕಿ, ಶೇಂಗಾ ಎಲ್ಲಾದ್ರಾಗೂ ಐತಿ, ಆದ್ರ ಅದರ ಜೊತಿ ಫೈಟೇಟ್ ಅನ್ನೋದು ಇರತೈತಿ, ಕಾಳು ತನ್ನ ರಂಜಕ ಕೂಡಿಟ್ಕೊಳ್ಳೋ ರೂಪ ಅದು. ಅದು ಜಿಂಕ್ ಕಬ್ಬಿಣ ಎರಡನ್ನೂ ಕರಳಿನ್ಯಾಗ ಗಟ್ಟಿ ಹಿಡಕೊಂಡು ಹೊರಗ ಒಯ್ತೈತಿ. ರೊಟ್ಟಿ ಹಿಟ್ಟು ಹುದುಗು ಬರಸಂಗಿಲ್ಲ, ನಾದಿ ಬಡದು ಸುಡತೀವಿ, ಅದಕ್ಕ ಫೈಟೇಟ್ ಹಂಗ ಉಳೀತೈತಿ. ಕಾಳು ಮೊಳಕಿ ಬರಿಸಿದ್ರ ಕಾಳಿನೊಳಗಿನ ಕಿಣ್ವ ಎದ್ದು ಫೈಟೇಟ್ ಒಡೀತೈತಿ. ಖಾನಾವಳಿ ಅಕ್ಕಾರು ಮಡಿಕಿ ನೆನಸಿ ಮರುದಿನಾನೇ ಪಲ್ಯಾ ಮಾಡತಿದ್ರು. ಇಂವ ಹೋಗಿ ಅಕ್ಕಾ ಒಂದಿನಾ ಅರಿವ್ಯಾಗ ಕಟ್ಟಿಡ್ರಿ ಅಂದಿದ್ದಕ್ಕ, ನಿನ್ನ ಸಂಬಂಧ ಎಲ್ಲಾರ ಪಲ್ಯಾ ತಡ ಮಾಡ್ಲೇನೋ ಅಂತ ಬೈದು, ಆಮ್ಯಾಲೆ ಮೊಳಕಿ ಪಲ್ಯಾಕ್ಕ ಗಿರಾಕಿ ಜಾಸ್ತಿ ಆದದ್ದು ನೋಡಿ ದಿನಾ ಅದನ್ನ ಮಾಡಾಕತ್ರು. ಅದರ ಜೊತಿ ಮುಂಜಾನೆ ಒಂದು ಮುಷ್ಟಿ ಕುಂಬಳಕಾಯಿ ಬೀಜ, ರೊಟ್ಟಿಗೆ ಎಳ್ಳಿನ ಹಿಂಡಿ, ಇಷ್ಟ ಸೇರಿಸಿದ್ವು. ಹಸಿ ಹಕ್ಕರಕಿ, ಮೆಂತ್ಯಾ, ಉಳ್ಳಾಗಡ್ಡಿಗೆ ಲಿಂಬಿಹಣ್ಣು ಹಿಂಡಿ ರೊಟ್ಟಿ ಜೊತಿ ತಿನ್ನೋದು ಹೆಂಗೂ ನಮ್ಮ ಪದ್ಧತಿ, ಇಂವ ವಾಸನಿ ಅಂತ ಬಿಟ್ಟಿದ್ದ. ಲಿಂಬಿಯ ವಿಟಮಿನ್ ಸಿ ಅದ ಊಟದಾಗ ಇದ್ರ ಕಾಳಿನ ಕಬ್ಬಿಣ ಹೆಚ್ಚು ಹತ್ತತೈತಿ.

ಆದ್ರ ಫೆರಿಟಿನ್ 9 ಇದ್ದವ ಊಟದಿಂದ ತುಂಬಿಸ್ತೀನಿ ಅಂದ್ರ ಎರಡು ವರ್ಷ ಬೇಕು, ಬಿ12 128 ಇದ್ದು ನರ ಕೆಟ್ಟವ ಹಾಲಿನಿಂದ ಸರಿ ಮಾಡ್ಕೋತೀನಿ ಅಂದ್ರ ಕಾಲು ಕಾಯಂಗಿಲ್ಲ. ಬಿ12 ಇಂಜೆಕ್ಷನ್ 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ಆಮ್ಯಾಲೆ ವಾರಕ್ಕೊಂದು, ಆಮ್ಯಾಲೆ ದಿನಾ 1000ದ ಗುಳಗಿ. ಅಷ್ಟು ದೊಡ್ಡ ಡೋಸ್ ಯಾಕಂದ್ರ, ಕರಳಿನ ಖಾಸ್ ಬಾಗಿಲಿನಿಂದ ಒಂದು ಹೊತ್ತಿಗೆ ಎರಡು ಮೈಕ್ರೋಗ್ರಾಂ ಕಿಂತ ಹೆಚ್ಚು ಒಳಗ ಹೋಗಂಗಿಲ್ಲ, ಉಳದಿದ್ದರಾಗ ನೂರಕ್ಕ ಒಂದು ಪಾಲು ಸುಮ್ನ ಸೋರಿ ಹೊಕ್ಕೈತಿ, 1000ಕ್ಕ 10, ಅಷ್ಟ ಸಾಕು. ಐರನ್ ಗುಳಗಿ ನಾಕನೇ ಇಂಜೆಕ್ಷನ್ ಆದ್ಮ್ಯಾಲೆ ಶುರು, ಅದೂ ದಿನ ಬಿಟ್ಟು ದಿನ. ಒಂದು ಡೋಸ್ ತಗೊಂಡ್ರ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಮುಂದಿನ ಒಂದು ದಿನ ಕಬ್ಬಿಣದ ಬಾಗಿಲಾ ಹಾಕತೈತಿ, ದಿನಾ ನುಂಗಿದ್ರ ಹೊಟ್ಟಿ ಕೆಡೋದ ಜಾಸ್ತಿ. ವ್ಯಾಯಾಮ ಆದ ಮೂರ್ನಾಕು ತಾಸಿಗೂ ಅದು ಏರತೈತಿ, ಅದಕ್ಕ ರಾತ್ರಿ ಜಿಮ್ಮಿನಿಂದ ಬಂದು ತಗೊಳ್ಳೋ ಬದ್ಲಿ ಮುಂಜಾನೆ ಲಿಂಬಿ ನೀರಿನ ಜೊತಿ. ಬಿಟ್ಟಿದ್ದ ಹಾಲು ಮತ್ತ ಶುರು, ಆದ್ರ ಆ ಗುಳಗಿಯಿಂದ ದೂರ, ಮಧ್ಯಾಹ್ನಕ್ಕೊಮ್ಮಿ ರಾತ್ರಿಗೊಮ್ಮಿ. ಸಂಡಾಸ ಕಪ್ಪಗಾತಂತ ಗಾಬರಿಯಾಗಿ ಫೋನ್ ಮಾಡಿದ್ದ, ಅದು ಗುಳಗಿದ್ದು. ಪ್ಯಾಂಟೊಪ್ರಜೋಲ್ ನಿಧಾನಕ್ಕ ಬಿಡಿಸಿದ್ರು, ರಾತ್ರಿ ಊಟ ಎಂಟಕ್ಕ ಮುಗಿಸಾಕ ಹತ್ತಿದ ಮ್ಯಾಲೆ ಎದಿ ಉರಿನೂ ಕಡಿಮಿ ಆತು.

ಆರು ವಾರಕ್ಕ ಹಿಮೋಗ್ಲೋಬಿನ್ 13.7, ಮೂರು ತಿಂಗಳಿಗೆ 14.4, ಫೆರಿಟಿನ್ 33, ಆರ್‌ಡಿಡಬ್ಲ್ಯೂ 14. ಹಿಮೋಗ್ಲೋಬಿನ್ ಸರಿ ಆತಂತ ಐರನ್ ಬಿಡ್ತೀನಿ ಅಂದ, ಡಾಕ್ಟರ್ರು ಗೋದಾಮು ತುಂಬೋತನಕ ಇನ್ನ ಮೂರು ತಿಂಗಳು ತಗೋ ಅಂದ್ರು. ಹೋಮೋಸಿಸ್ಟೀನ್ 11ಕ್ಕ ಇಳದಿತ್ತು. ನಾಕನೇ ತಿಂಗಳಿಗೆ 150 ವಾಪಸ್ ಬಂತು, ಏದುಸಿರು ಹೋತು. ಜಿಂಕಿನಿಂದ ಏನು ಫರಕ್ ಆತಂತ ಕೇಳಿದ್ರ ಹೇಳಾಕಾಗಂಗಿಲ್ಲ, ಅಳತಿನೇ ಮಾಡಿಲ್ಲ.

ಕಾಲು ಮಾತ್ರ ರಕ್ತದಷ್ಟು ಜಲ್ದಿ ಬರಲಿಲ್ಲ. ಜುಮು ಜುಮು ಎರಡು ತಿಂಗಳಿಗೆ ಕಡಿಮಿ ಆತು, ಕಣ್ಣು ಮುಚ್ಚಿ ಮಾರಿ ತೊಳ್ಕೊಳ್ಳಾಕ ಬರತೈತಿ. ಆರು ತಿಂಗಳಿಗೆ ಡಾಕ್ಟರ್ರು ಮತ್ತ ಫೋರ್ಕ್ ಇಟ್ಟು ನಿಂತದ್ದು ಹೇಳು ಅಂದ್ರು. ಬಲಗಾಲ ಹೆಬ್ಬೆರಳಿನ್ಯಾಗ ಹತ್ತು ಎಣಿಸೋಮಟ ಗೊತ್ತಾತು, ಎಡಗಾಲಾಗ ನಾಕಕ್ಕ ನಿಂತು ಅಂದ. ಫೋರ್ಕ್ ಇನ್ನೂ ನಡುಗಾಕತ್ತಿತ್ತು. ಈಗ ಬಾರ್ ಮುಂದ ಶೂ ಬಿಚ್ಚಿ ಬರಿಗಾಲಿಲೆ ನಿಲ್ಲತಾನ, ಎಡಗಾಲು ಇಡೋವಾಗ ಇನ್ನೂ ಒಮ್ಮಿ ಬಗ್ಗಿ ನೋಡತಾನ.